ದರಪಟ್ಟಿಯಲ್ಲಿ ಬದಲಾದ ಸಾಲು ಹುಡುಕಲು ಮೂರು ದಾರಿ

ರಾಯಚೂರಿನ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪ್ ಫಿಟಿಂಗ್ ದರಪಟ್ಟಿಯ ಎಕ್ಸೆಲ್ ಇದೆ. ಹಳೇ ಪಿಡಿಎಫ್‌ನಿಂದ ಪರಿವರ್ತಿಸಿದ್ದು, 412 ಸಾಲು. ಹೋದ ತಿಂಗಳು ಹೊಸ ದರಪಟ್ಟಿ ಬಂತು, ಅದೂ ಸ್ಕ್ಯಾನ್ ಮಾಡಿದ ಕಾಗದ. ಚಿತ್ರದಲ್ಲಿನ ಅಕ್ಷರ ಓದುವ ಓಸಿಆರ್ ಮಾಡಿದಾಗ 415 ಸಾಲು ಸಿಕ್ಕವು. ಬಿಲ್ಲಿಂಗ್‌ನಲ್ಲಿ ತಿದ್ದಲು ಬದಲಾದ ಸಾಲುಗಳಷ್ಟೇ ಬೇಕಿತ್ತು.

ಮೊದಲು ಅಣ್ಣ ಓದಿದ, ನಾನು ಟಿಕ್ ಹಾಕಿದೆ. ಎರಡೂವರೆ ತಾಸು ಹಿಡಿಯಿತು. 34 ಬದಲಾವಣೆ ಸಿಕ್ಕವು. ಮಧ್ಯಾಹ್ನ ಊಟ ಆದ ಮೇಲೆ ಓದಿದ ಪುಟಗಳಲ್ಲೇ ಮೂರು ತಪ್ಪಿದ್ದು ಆಮೇಲೆ ಗೊತ್ತಾಯಿತು!

ಎರಡನೆಯದು, ಎರಡನ್ನೂ ಸಿಎಸ್‌ವಿ ಮಾಡಿ, ಎರಡು ಫೈಲ್ ಸಾಲುಸಾಲಾಗಿ ಹೋಲಿಸುವ `diff` ಓಡಿಸುವುದು. ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಬಂತು, ಆದರೆ ಉಪಯೋಗವಿಲ್ಲ. ಹೊಸ ಪಟ್ಟಿಯಲ್ಲಿ ಎರಡು ವಿಭಾಗ ಹಿಂದೆಮುಂದೆ ಆಗಿದ್ದವು. ಅವುಗಳಲ್ಲಿ ಒಂದರ ಸಾಲುಗಳನ್ನೆಲ್ಲ ಅದು ಅಳಿಸಿದ್ದು, ಸೇರಿಸಿದ್ದು ಅಂತ ಎರಡೆರಡು ಸಲ ತೋರಿಸಿತು. ಹೆಸರಲ್ಲಿ ಒಂದು ಸ್ಪೇಸ್ ಜಾಸ್ತಿ ಇದ್ದರೂ ಬದಲಾವಣೆ ಅಂತಲೇ ಎಣಿಸುತ್ತದೆ.

ಮೂರನೆಯದೇ ನನಗೆ ಹಿಡಿಸಿತು. ಸಾಲಿನ ಜಾಗ ಬಿಟ್ಟು ಐಟಂ ನಂಬರ್ ಹಿಡಿದು ಹುಡುಕುವುದು. ಎ ಕಾಲಂನಲ್ಲಿ ನಂಬರ್, ಸಿ ಕಾಲಂನಲ್ಲಿ ದರ ಇಟ್ಟು, ಹೊಸ ಶೀಟಿನಲ್ಲಿ ಇದನ್ನು ಹಾಕಿದೆ:

```
=IFERROR(IF(C2=VLOOKUP(A2,Old!A:C,3,FALSE),"","ಬದಲು"),"ಹೊಸದು")
```

ಕೈಬಿಟ್ಟ ಐಟಂ ಇದರಲ್ಲಿ ಕಾಣುವುದಿಲ್ಲ. ಹಾಗಾಗಿ ಹಳೇ ಶೀಟಿನಿಂದ ಹೊಸದಕ್ಕೂ ಇದೇ ಥರ ಒಂದು ಹಾಕಬೇಕು.

ಮೊದಲ ಸಲ ನಾನೂ ಎಡವಿದೆ. 3.10 ನಂಬರಿನ ಎಲ್ಬೋ ದರ 86, ಬದಲಾಗಿರಲಿಲ್ಲ. ಆದರೂ "ಬದಲು" ಅಂತ ಬಂತು. ನೋಡಿದರೆ ಎಕ್ಸೆಲ್ 3.10 ಅನ್ನು ಸಂಖ್ಯೆ ಅಂದುಕೊಂಡು 3.1 ಮಾಡಿತ್ತು. ವಿಲುಕಪ್ ಮೊದಲು ಸಿಕ್ಕ 3.1ರ ದರ 22 ತಂದುಕೊಟ್ಟಿತ್ತು. ಹೊಸ ಪಟ್ಟಿಗೆ ಮದ್ದು ಸುಲಭ: ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡದೆ ಡೇಟಾ ಮೆನುವಿನಿಂದ ಆಮದು ಮಾಡಿ, ನಂಬರ್ ಕಾಲಂ ಅನ್ನು ಟೆಕ್ಸ್ಟ್ ಅಂತ ಹೇಳಿದರೆ ಸಾಕು. ಹಳೇ ಪಟ್ಟಿಯಲ್ಲಿ ಸೊನ್ನೆ ಪರಿವರ್ತಿಸಿದ ದಿನವೇ ಹೋಗಿತ್ತು, ಈಗ ಟೆಕ್ಸ್ಟ್ ಮಾಡಿದರೆ ವಾಪಸ್ ಬರುವುದಿಲ್ಲ. ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ನಿಂದ ಕಾಲಂ ಅನ್ನು ಟೆಕ್ಸ್ಟ್ ಮಾಡಿ, 3.9ರ ಕೆಳಗೆ ಬಂದ 3.1 ಅಂದರೆ 3.10 ಅಂತ ಕೈಯಲ್ಲೇ ತಿದ್ದಿದೆ. ಒಂದೇ ನಂಬರ್ ಎರಡು ಸಲ ಇದೆಯಾ ಅಂತ ನೋಡಲು `COUNTIF` ನಂಬಬೇಡಿ. ಟೆಕ್ಸ್ಟ್ ಇದ್ದರೂ ಅದು 3.1, 3.10 ಎರಡನ್ನೂ ಒಂದೇ ಅಂತ ಎಣಿಸುತ್ತದೆ.

ಆಮೇಲೆ 46 "ಬದಲು", 6 "ಹೊಸದು", 3 ಕೈಬಿಟ್ಟದ್ದು ಬಂದವು. 4.12 ಹೊಸದರಲ್ಲಿ ಕಾಣದೆ ಹೋಗಿ, 4.l2 ಅಂತ ಹೊಸದು ಹುಟ್ಟಿದರೆ ಅದು ಓಸಿಆರ್ ಒಂದನ್ನು ಎಲ್ ಅಂತ ಓದಿದ್ದು, ಅಲ್ವಾ? ಅಂಥ ಎರಡು ಜೋಡಿ ಇದ್ದವು. ದರದಲ್ಲಿ 8 ಹೋಗಿ 3 ಆದರೆ ಅದು ಓಸಿಆರ್ ತಪ್ಪು ಅಂತ ಸೂತ್ರ ಹಿಡಿಯಲಾರದು, ಅದೂ ಸಂಖ್ಯೆಯೇ. ಅದಕ್ಕೆ 46 ಸಾಲನ್ನೂ ಸ್ಕ್ಯಾನ್ ಪುಟದ ಜೊತೆ ಕಣ್ಣಾರೆ ತಾಳೆ ನೋಡಿದೆವು. 9 ಓಸಿಆರ್ ತಪ್ಪು, 37 ನಿಜ. ಇಷ್ಟಕ್ಕೆ ಇಪ್ಪತ್ತು ನಿಮಿಷ. ಓದಿದವನು ಅಣ್ಣನೇ, ಈ ಸಲ ಊಟಕ್ಕೆ ಮುಂಚೆ.