ಮೂರು ಥರದ ಡ್ಯೂಟಿ ಪಟ್ಟಿ ಹಾಕಿ ನೋಡಿದೆ: ಯಾವುದು ನಿಂತಿತು, ಯಾವುದು ಬಿತ್ತು

ನಮ್ಮ ಹೋಟೆಲಿನಲ್ಲಿ ಸಪ್ಲೈ ಮಾಡೋಕೆ ಎಂಟು ಜನ. ಒಂದೇ ತಿಂಗಳಲ್ಲಿ ಮೂವರು ಕೆಲಸ ಬಿಟ್ಟರು. ಸಂಬಳದ ತಕರಾರು ಇರಬೇಕು ಅಂದುಕೊಂಡಿದ್ದೆ. ಕೊನೆಯವನು ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವಾಗ ಮೊಬೈಲ್ ತೆಗೆದು ನನ್ನದೇ ಮೆಸೇಜ್ ತೋರಿಸಿದ. ರಾತ್ರಿ 10.40ಕ್ಕೆ ಕಳಿಸಿದ್ದು: ‘ನಾಳೆ ಮಧ್ಯಾಹ್ನ ಬೇಡ, ಬೆಳಗ್ಗೆ 7ಕ್ಕೆ ಬಾ.’

‘ಸಾರ್, ಅವತ್ತು ರಾತ್ರಿ ಬಾಗಿಲು ಹಾಕಿ ಹೋದವನೂ ನಾನೇ’ ಅಂದ.

ಹೊಸಬರನ್ನು ಸೇರಿಸಿಕೊಂಡ ಮೇಲೆ ಒಂದು ಕೆಲಸ ಮಾಡಿದೆ. ಗೋಡೆಗೆ ಪಟ್ಟಿ ಅಂಟಿಸಿದ ನಂತರ ಏನೇ ಬದಲಾದರೂ ಕೆಂಪು ಪೆನ್ನಿನಲ್ಲೇ ತಿದ್ದಬೇಕು, ಯಾರಿಂದ ಬದಲಾಯ್ತು ಅಂತ ಪಕ್ಕದಲ್ಲಿ ಬರೆಯಬೇಕು. ಎರಡು ವಾರಕ್ಕೆ ಹದಿನಾಲ್ಕು ತಿದ್ದುಪಡಿ. ಹುಡುಗರು ಕೇಳಿದ್ದು ನಾಲ್ಕು, ಉಳಿದ ಹತ್ತೂ ನನ್ನವು! ಮೂರು ಥರದ ಪಟ್ಟಿಯನ್ನೂ ಈ ಕೆಂಪು ಗುರುತಿನಿಂದಲೇ ಅಳೆದೆ.

ಮೊದಲು ಖಾಯಂ ಪಟ್ಟಿ. ಇಂಥವರಿಗೆ ಇಂಥ ದಿನ, ಇಂಥ ಹೊತ್ತು, ಪ್ರತಿ ವಾರವೂ ಅದೇ. ಕೆಂಪು ಗುರುತು ತಕ್ಷಣ ಕಮ್ಮಿಯಾಯ್ತು. ಆದರೆ ಶನಿವಾರ ಸಂಜೆಯ ರಜೆ ಸಿಕ್ಕವರಿಗೇ ಸಿಗುತ್ತಿತ್ತು, ಸಿಗದವರಿಗೆ ಯಾವತ್ತೂ ಇಲ್ಲ. ಐದನೇ ವಾರಕ್ಕೆ ಗೊಣಗಾಟ ಶುರು.

ಆಮೇಲೆ ‘ನೀವೇ ಆರಿಸಿಕೊಳ್ಳಿ’ ಅಂತ ಖಾಲಿ ಪಟ್ಟಿ ಇಟ್ಟೆ. ಇದು ಮೂರೇ ವಾರ ನಡೆಯಿತು. ಹಳಬರು ಮೊದಲು ಬಂದು ಒಳ್ಳೆ ಶಿಫ್ಟ್‌ಗಳನ್ನು ಹಿಡಿದರು. ಭಾನುವಾರ ರಾತ್ರಿ ಬಾಗಿಲು ಹಾಕೋ ಜಾಗ ಖಾಲಿ. ಅಲ್ಲಿಗೆ ಕೊನೆಗೆ ನಾನೇ ಯಾರನ್ನೋ ಎಳೆದು ಹಾಕಬೇಕಾಯ್ತು. ಮತ್ತೆ ಅದೇ ರಾತ್ರಿ ಮೆಸೇಜ್ ಅಲ್ವಾ?

ಮೂರನೆಯದು ಸರದಿ ಪಟ್ಟಿ. ಶನಿವಾರ ಸಂಜೆಯನ್ನೇ ನೋಡಿ. ಎಂಟು ಜನರಲ್ಲಿ ಐವರು ಬೇಕು, ಮೂವರಿಗೆ ಬಿಡುವು. ಎಂಟು ವಾರಕ್ಕೆ 24 ಬಿಡುವು, ಅಂದರೆ ತಲೆಗೆ ಸರಿಯಾಗಿ ಮೂರು. ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟೆ. ಮೊದಲ ವಾರ 1, 2, 3ಕ್ಕೆ ಬಿಡುವು. ಎರಡನೇ ವಾರ 4, 5, 6. ಮೂರನೇ ವಾರ 7, 8, ಮತ್ತೆ 1. ಹೀಗೇ ಸುತ್ತುತ್ತಾ ಹೋದರೆ ಎಂಟನೇ ವಾರಕ್ಕೆ ಲೆಕ್ಕ ಸಮ. ಬಾಗಿಲು ಹಾಕೋ ಸರದಿಗೂ ಇದೇ ಲೆಕ್ಕ. ಪಟ್ಟಿ ಎರಡು ವಾರ ಮುಂಚೆ ಗೋಡೆಗೆ ಬರುತ್ತೆ. ರಾತ್ರಿ ಬಾಗಿಲು ಹಾಕಿದವರು ಆಮೇಲೆ ಹನ್ನೊಂದು ತಾಸು ಕಳೆಯೋ ತನಕ ಡ್ಯೂಟಿಗೆ ಬರೋ ಹಾಗಿಲ್ಲ. ಅದಲುಬದಲು ಅವರವರೇ ಮಾಡಿಕೊಳ್ಳಬಹುದು, ಇಬ್ಬರೂ ಸಹಿ ಹಾಕಿದರೆ ಸಾಕು.

ಇಷ್ಟಾದರೂ ಮೊದಲ ಎರಡು ವಾರ ಕೆಂಪು ಗುರುತು ಅಂದುಕೊಂಡಷ್ಟು ಇಳಿಯಲಿಲ್ಲ. ಕಾರಣ ನಾನೇ. ಮಂಗಳವಾರ ಮಧ್ಯಾಹ್ನಕ್ಕೆ ಐವರನ್ನು ಹಾಕುತ್ತಿದ್ದೆ. ಗಿರಾಕಿ ಇಲ್ಲ ಅಂತ ಇಬ್ಬರನ್ನು ಅರ್ಧಕ್ಕೇ ಮನೆಗೆ ಕಳಿಸುತ್ತಿದ್ದೆ, ಅವರ ಅರ್ಧ ದಿನದ ಕೂಲಿಯೂ ಹೋಗುತ್ತಿತ್ತು. ಶುಕ್ರವಾರ ರಾತ್ರಿ ಇದರ ಉಲ್ಟಾ, ಜನ ಸಾಲದೆ ಫೋನ್ ಮಾಡಿ ಕರೆಯುತ್ತಿದ್ದೆ. ಆಗ ಆರು ವಾರದ ಬಿಲ್‌ಗಳನ್ನು ಗಂಟೆ ಗಂಟೆಗೆ ಬಿಡಿಸಿ ಎಣಿಸಿದೆ. ಮಂಗಳವಾರಕ್ಕೆ ಮೂವರು ಸಾಕು ಅನ್ನೋದು ಕಣ್ಣಿಗೆ ಕಾಣಿಸಿತು. ಇಷ್ಟು ವರ್ಷ ಸುಮ್ನೆ ಅಂದಾಜಿನ ಮೇಲೆ ಪಟ್ಟಿ ಬರೆಯುತ್ತಿದ್ದೆ. ಆ ಅಂದಾಜು ತಪ್ಪಿದಾಗೆಲ್ಲ ಹುಡುಗರ ದಿನ ಕೆಡುತ್ತಿತ್ತು.

ಈಗ ಒಂದು ದಂಡ ನನಗೇ ಹಾಕಿಕೊಂಡಿದ್ದೇನೆ. 48 ಗಂಟೆಯೊಳಗೆ ಡ್ಯೂಟಿ ಬದಲಿಸಬೇಕಾದರೆ ಕೇಳಬೇಕು, ಹೇಳುವ ಹಾಗಿಲ್ಲ. ಒಪ್ಪಿ ಬಂದವರಿಗೆ ಒಂದೂವರೆ ಪಟ್ಟು ಕೂಲಿ. ದುಡ್ಡು ಕೈಬಿಡುತ್ತೆ ಅಂದಾಗ ‘ಅರ್ಜೆಂಟು’ ಅನ್ನೋದು ಎಷ್ಟೋ ಸಲ ಅರ್ಜೆಂಟಾಗಿ ಉಳಿಯೋದಿಲ್ಲ, ನನ್ನ ಅನುಭವ. ಹೋದ ತಿಂಗಳು ಪೂರ್ತಿ ಕೆಂಪು ಗುರುತು ಐದು. ಅದರಲ್ಲಿ ನನ್ನದು ಒಂದು.

ಅಡುಗೆಮನೆಗೆ ಮಾತ್ರ ಸರದಿ ಪಟ್ಟಿ ಹೊಂದಲಿಲ್ಲ. ಅಲ್ಲಿ ಮುಖ್ಯ ಒಲೆ ಹಿಡಿಯಬಲ್ಲವರು ಇಬ್ಬರೇ. ಸುತ್ತಿಸಿದರೆ ಒಂದು ವಾರ ಇಬ್ಬರೂ ಒಟ್ಟಿಗೆ ಬೀಳುತ್ತಾರೆ, ಇನ್ನೊಂದು ವಾರ ಒಬ್ಬರೂ ಇರೋದಿಲ್ಲ. ಹಾಗಾಗಿ ಒಳಗೆ ಖಾಯಂ ಪಟ್ಟಿ, ಹೊರಗೆ ಸರದಿ. ಆ ಇಬ್ಬರು ಭಟ್ಟರು ಮಾತ್ರ ಒಬ್ಬರ ಶನಿವಾರ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಮೂರನೆಯವರಿಗೆ ಒಲೆ ಕಲಿಸೋ ಕೆಲಸ ಈಗ ನಡೀತಿದೆ. ನಾಲ್ಕೈದು ಜನರಷ್ಟೇ ಇರೋ ಕಡೆ ನನ್ನನ್ನು ಕೇಳಿದರೆ ಖಾಯಂ ಪಟ್ಟಿಯೇ ವಾಸಿ. ಒಬ್ಬರು ರಜೆ ಹಾಕಿದರೂ ಸರದಿಯ ಲೆಕ್ಕ ಬುಡಮೇಲಾಗುತ್ತೆ.