ಸಂಘದ ಸಾಲ ತೀರಿತು, ಕಂತಿನ ದುಡ್ಡು ಇನ್ನು ಎಲ್ಲಿಗೆ? ಆರ್‌ಡಿ, ಚೀಟಿ, ಎಸ್‌ಐಪಿ ಮೂರನ್ನೂ ಹಾಕಿ ನೋಡಿದ ಲೆಕ್ಕ

ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹದಿನೈದು ಹೆಂಗಸರ ಸಂಘ ಇದೆ. ವಾರಕ್ಕೆ 50 ರೂಪಾಯಿ ಉಳಿತಾಯ. ಸಂಘದ ಪುಸ್ತಕ ಬರೆಯುವವಳು ನಾನು. ಹಾಗಾಗಿ ಯಾರು ಎಷ್ಟು ಸಾಲ ತಗೊಂಡರು, ಹೇಗೆ ತೀರಿಸಿದರು, ಮತ್ತೆ ಯಾವಾಗ ಕೇಳಿದರು ಅನ್ನೋದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯುತ್ತೆ.

ಪುಸ್ತಕದಲ್ಲಿ ಒಂದು ವಿಷಯ ಎದ್ದು ಕಾಣುತ್ತೆ. ಸಾಲ ಇರುವಾಗ ತಿಂಗಳಿಗೆ ಎರಡು ಸಾವಿರ ತಪ್ಪದೆ ಕಟ್ಟಿದವರು, ಸಾಲ ತೀರಿದ ತಿಂಗಳಿಂದ ವಾರದ ಐವತ್ತು ಬಿಟ್ಟು ಬೇರೇನೂ ಎತ್ತಿಡುವುದಿಲ್ಲ. ಆ ಎರಡು ಸಾವಿರ ಮನೆ ಖರ್ಚಿನಲ್ಲಿ ಕರಗಿ ಹೋಗುತ್ತೆ. ವರ್ಷ ತುಂಬುವುದರೊಳಗೆ ಶಾಲೆ ಫೀಸು, ಹಬ್ಬ, ಹಸು ಅಂತ ಮತ್ತೆ ಸಾಲಕ್ಕೆ ಬರುತ್ತಾರೆ.

ನಮ್ಮಲ್ಲಿ ಒಳಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ವರ್ಷಕ್ಕೆ ಶೇ 24. ಒಬ್ಬ ಅಕ್ಕ 24,000 ತಗೊಂಡು, ಅಸಲು ತಿಂಗಳಿಗೆ 2,000ದಂತೆ ವರ್ಷದಲ್ಲಿ ತೀರಿಸಿದರು. ಮೊದಲ ತಿಂಗಳು ಬಡ್ಡಿ 480, ಕೊನೆಯ ತಿಂಗಳು 40. ಒಟ್ಟು ಬಡ್ಡಿ 3,120 ರೂಪಾಯಿ. ಖರ್ಚು ಮೊದಲೇ ಗೊತ್ತಿದ್ದು, ಅದೇ 2,000ವನ್ನು ಒಂದು ವರ್ಷ ಮುಂಚೆಯಿಂದ ಬ್ಯಾಂಕಿನ ಆರ್‌ಡಿಗೆ ಕಟ್ಟಿದ್ದರೆ, ಶೇ 6.5ರಂತೆ ಎಂಟುನೂರು ಚಿಲ್ಲರೆ ಬಡ್ಡಿ ಅವರಿಗೇ ಬರುತ್ತಿತ್ತು. ಕೊಟ್ಟಿದ್ದು, ಬಾರದೆ ಹೋದದ್ದು ಎರಡೂ ಸೇರಿ ಹತ್ತಿರ ಹತ್ತಿರ ನಾಲ್ಕು ಸಾವಿರದ ವ್ಯತ್ಯಾಸ. ಕಟ್ಟಿದ ಬಡ್ಡಿ ಸಂಘಕ್ಕೇ ಸೇರುತ್ತೆ, ಅದರಲ್ಲಿ ಅವರಿಗೂ ಪಾಲಿದೆ, ನಿಜ. ಆದರೆ ಅದು ಹದಿನೈದರಲ್ಲಿ ಒಂದು ಪಾಲು.

ಹಾಗಂತ ಸಂಘದ ಉಳಿತಾಯ ವಾಪಸ್ ತಗೊಂಡು ಬೇರೆ ಕಡೆ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ. ಆ ಉಳಿತಾಯ ಸಂಘದ ಹೆಸರಿನ ಖಾತೆಯಲ್ಲಿ ಇರುತ್ತೆ, ಬ್ಯಾಂಕ್ ಸಾಲ ಕೊಡುವಾಗ ಸಂಘದ ಒಟ್ಟು ಬಂಡವಾಳ ನೋಡುತ್ತೆ. ಒಬ್ಬರು ತೆಗೆದರೆ ಉಳಿದವರ ಸಾಲದ ಮಿತಿಯೂ ಕುಗ್ಗುತ್ತೆ. ರಾತ್ರೋರಾತ್ರಿ ಆಸ್ಪತ್ರೆ ಖರ್ಚು ಬಂದರೆ ಕೈ ಹಿಡಿಯೋದು ಸಂಘವೇ. ನಾನು ಹೇಳುತ್ತಿರುವುದು ಸಾಲ ತೀರಿದ ಮೇಲೆ ಉಳಿಯುವ ಆ ಕಂತಿನ ದುಡ್ಡಿನ ಬಗ್ಗೆ ಮಾತ್ರ. ನನ್ನ ಹಸುವಿನ ಸಾಲ ತೀರಿದ ಮೇಲೆ ಆ ಕಂತು ನಿಲ್ಲಿಸದೆ ಮೂರು ಕಡೆ ಹಾಕುತ್ತಾ ಬಂದೆ. 2024ರ ಶುರುವಿಂದ ಪೋಸ್ಟಾಫೀಸಿನ ಆರ್‌ಡಿಗೆ ಸಾವಿರ, ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿಗೆ ಸಾವಿರ. ಒಂದು ನೋಂದಾಯಿತ ಚೀಟಿಯೂ ಇತ್ತು.

ಮೊದಲು ಪೋಸ್ಟಾಫೀಸಿನ ಆರ್‌ಡಿ. ತಿಂಗಳಿಗೆ ನೂರು ರೂಪಾಯಿಯಿಂದ ಶುರು ಮಾಡಬಹುದು, ಅವಧಿ ಐದು ವರ್ಷ. ನಾನು ತೆರೆದಾಗ ಬಡ್ಡಿ ಶೇ 6.7. ತೆರೆದ ದಿನದ ಬಡ್ಡಿಯೇ ಕೊನೆವರೆಗೂ ಸಿಗುತ್ತೆ, ನಡುವೆ ಸರ್ಕಾರ ದರ ಇಳಿಸಿದರೂ ನಮಗೆ ಏನಾಗಲ್ಲ. ಸಾವಿರದಂತೆ ಕಟ್ಟಿದರೆ ಐದು ವರ್ಷದಲ್ಲಿ 60,000 ಹೋಗಿ, ಕೈಗೆ 71,300 ದಾಟಿ ಬರುತ್ತೆ. ಒಂದು ತಿಂಗಳು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ಅಂದರೆ ಸಾವಿರಕ್ಕೆ ಹತ್ತು ರೂಪಾಯಿ. ಹಾಲಿನ ಬಟವಾಡೆ ಕಮ್ಮಿ ಬಂದ ತಿಂಗಳಲ್ಲಿ ಇಷ್ಟು ಮೆತ್ತಗಿನ ದಂಡ ದೊಡ್ಡ ಅನುಕೂಲ. ಆದರೆ ನಾಲ್ಕು ತಿಂಗಳಿಗಿಂತ ಜಾಸ್ತಿ ಬಿಟ್ಟರೆ ಖಾತೆ ನಿಂತು ಹೋಗುತ್ತೆ, ಮತ್ತೆ ಶುರು ಮಾಡಲು ಎರಡು ತಿಂಗಳು ಮಾತ್ರ ಸಮಯ.

ಇದರಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಬಡ್ಡಿಯಲ್ಲ, ಆರ್‌ಡಿ ಮೇಲೆ ಸಿಗುವ ಸಾಲ. ವರ್ಷ ತುಂಬಿ ಹನ್ನೆರಡು ಕಂತು ಕಟ್ಟಿದ್ದರೆ, ಖಾತೆಯಲ್ಲಿ ಇರುವುದರ ಅರ್ಧದವರೆಗೆ ಸಾಲ ಕೊಡುತ್ತಾರೆ. ಬಡ್ಡಿ, ಆರ್‌ಡಿ ದರಕ್ಕಿಂತ ಎರಡು ಜಾಸ್ತಿ, ಅಂದರೆ ಶೇ 8.7. ಬೋರ್‌ವೆಲ್ ಮೋಟರ್ ಸುಟ್ಟಾಗ ನನಗೆ ಹತ್ತು ಸಾವಿರ ಬೇಕಿತ್ತು. ಸಂಘದಲ್ಲಿ ತಗೊಂಡಿದ್ದರೆ ಮೊದಲ ತಿಂಗಳ ಬಡ್ಡಿ 200. ಇಲ್ಲಿ ಎಪ್ಪತ್ತೆರಡು ಎಪ್ಪತ್ಮೂರು. ಜಾಮೀನು ಬೇಡ, ನಿರ್ಣಯ ಬರೆಯೋದು ಬೇಡ, ಪಾಸ್‌ಬುಕ್ ಮತ್ತು ಒಂದು ಅರ್ಜಿ ಸಾಕು. ಆರ್‌ಡಿಯೂ ಮುರಿಯಲಿಲ್ಲ. ಇದು ನಮ್ಮ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಕೊರತೆ ಏನು ಅಂದರೆ, ಮೂರು ವರ್ಷ ಆಗುವವರೆಗೆ ಖಾತೆ ಮುಚ್ಚಲು ಬಿಡುವುದಿಲ್ಲ. ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಹಾಗಾಗಿ ಮುಂದಿನ ವರ್ಷದ ಕಾಲೇಜು ಫೀಸಿಗೆ ಇದು ಆಗಿ ಬರಲ್ಲ, ಅದಕ್ಕೆ ಬ್ಯಾಂಕಿನ ಒಂದು ವರ್ಷದ ಆರ್‌ಡಿಯೇ ಸರಿ. ಇನ್ನೊಂದು ಮಾತು. ಮನೆಗೆ ಬಂದು ಕಂತು ತಗೊಂಡು ಹೋಗುವ ಏಜೆಂಟ್ ಅಕ್ಕಂದಿರಿಗೆ ಕಮಿಷನ್ ಇಲಾಖೆಯೇ ಕೊಡುತ್ತೆ, ನಾವು ಮೇಲೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಅವರು ಕಾರ್ಡಿನಲ್ಲಿ ಸಹಿ ಹಾಕುತ್ತಾರೆ, ಆದರೆ ಗಟ್ಟಿ ದಾಖಲೆ ಪಾಸ್‌ಬುಕ್. ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಕೈಗೆ ತಗೊಂಡು ಕಾರ್ಡಿನ ಜೊತೆ ತಾಳೆ ನೋಡಿ.

ಚೀಟಿಯ ವಿಷಯ ಬೇರೆ. ಮಂಡ್ಯ ಕಡೆ ಚೀಟಿ ಹಾಕದ ಮನೆ ಹುಡುಕಬೇಕು. ಇಪ್ಪತ್ತು ಜನ, ತಿಂಗಳಿಗೆ ಸಾವಿರ, ಇಪ್ಪತ್ತು ಸಾವಿರದ ಹರಾಜು ಚೀಟಿ ಅಂತ ಇಟ್ಟುಕೊಳ್ಳಿ. ಮೊದಲಲ್ಲೇ ಎತ್ತುವವರು ಆರು ಸಾವಿರ ಬಿಟ್ಟು 14,000ಕ್ಕೆ ಕೂಗುತ್ತಾರೆ. ಆ ಆರು ಸಾವಿರದಲ್ಲಿ ನಡೆಸುವವರ ಕಮಿಷನ್ ಶೇ 5, ಅಂದರೆ ಸಾವಿರ ಹೋಗುತ್ತೆ. ಉಳಿದ ಐದು ಸಾವಿರ ಎಲ್ಲರಿಗೂ 250ರಂತೆ ಹಂಚಿಕೆ. ತಿಂಗಳು ಕಳೆದಂತೆ ಕೂಗು ಇಳಿಯುತ್ತೆ, ಹಂಚಿಕೆಯೂ ಇಳಿಯುತ್ತೆ. ಕೊನೆವರೆಗೂ ಕಾದವರು ಸುಮಾರು 17,600 ಕಟ್ಟಿ 19,000 ಎತ್ತಿದರು ಅಂದುಕೊಂಡರೆ, ವರ್ಷಕ್ಕೆ ಶೇ 9ರ ಆಸುಪಾಸು ಬೀಳುತ್ತೆ. ಆರ್‌ಡಿಗಿಂತ ಜಾಸ್ತಿಯೇ. ಆದರೆ ಮೊದಲೇ ಎತ್ತಿದವರಿಗೆ ಇದು ಉಳಿತಾಯ ಅಲ್ಲವೇ ಅಲ್ಲ, ಅದು ಸಂಘದ ಒಳಸಾಲಕ್ಕಿಂತ ದುಬಾರಿ ಸಾಲ.

ಆ ಎರಡು ಪರ್ಸೆಂಟ್ ಆಸೆಗೆ ಅಕ್ಕಪಕ್ಕದವರು ನಡೆಸುವ ಚೀಟಿಗೆ ನಾನು ಹಾಕಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ಶುರು ಮಾಡುವ ಮುಂಚೆಯೇ ಅನುಮತಿ ಬೇಕು, ನೋಂದಣಿ ಆಗಬೇಕು, ಚೀಟಿಯ ಪೂರ್ತಿ ಮೊತ್ತದಷ್ಟು ಭದ್ರತೆ ಇಡಬೇಕು. ಕಮಿಷನ್ ಶೇ 7 ಮೀರುವಂತಿಲ್ಲ. ಅನುಮತಿ ಪತ್ರದ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ನನ್ನ ಚೀಟಿ ಮುಗಿದಿದೆ, ಇನ್ನೊಂದಕ್ಕೆ ಸೇರಿಲ್ಲ. ಯಾವ ತಿಂಗಳು ಎಷ್ಟು ಕಟ್ಟಬೇಕು ಅನ್ನೋದು ಹರಾಜಿನ ಮೇಲೆ ನಿಂತಿರುತ್ತೆ, ನನಗದು ಸರಿ ಹೋಗಲಿಲ್ಲ.

ಎಸ್‌ಐಪಿಗೆ ನಾನು ಆರಿಸಿದ್ದು ನಿಫ್ಟಿ 50 ಇಂಡೆಕ್ಸ್ ಫಂಡ್. ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಒಟ್ಟಿಗೆ ದುಡ್ಡು ಹಾಕುವ ಫಂಡ್ ಅದು, ಖರ್ಚು ಕಮ್ಮಿ. ಶುರು ಮಾಡಲು ಪ್ಯಾನ್, ಮೊಬೈಲ್ ಜೋಡಿಸಿದ ಆಧಾರ್ ಮತ್ತು ನಮ್ಮದೇ ಹೆಸರಿನ ಬ್ಯಾಂಕ್ ಖಾತೆ ಬೇಕು. ಸಂಘದ ಖಾತೆ ಆಗುವುದಿಲ್ಲ. ನಮ್ಮ ಸದಸ್ಯರಿಗೆ ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಇರುತ್ತೆ, ಪ್ಯಾನ್‌ನಲ್ಲಿ ಗಂಡನ ಹೆಸರು ಪೂರ್ತಿ ಇರುತ್ತೆ, ಬ್ಯಾಂಕಿನಲ್ಲಿ ಮೂರನೇ ಥರ. ಮೂರೂ ಒಂದೇ ಆಗುವವರೆಗೆ ಕೆವೈಸಿ ಮುಂದೆ ಹೋಗಲ್ಲ. ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಫಂಡ್ ಯಾವುದು ಅಂತ ಯೋಚಿಸಿ.

ಕಂತು ಖಾತೆಯಿಂದ ತಾನಾಗೇ ಹೋಗುತ್ತೆ. ಬಟವಾಡೆ ಜಮಾ ಆದ ಮಾರನೇ ದಿನಕ್ಕೆ ನಾನು ದಿನಾಂಕ ಇಟ್ಟುಕೊಂಡಿದ್ದೇನೆ. ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಫಂಡ್‌ನವರು ದಂಡ ಹಾಕಲ್ಲ, ಆದರೆ ಬ್ಯಾಂಕ್ ಹಾಕುತ್ತೆ. ಅದು ಆರ್‌ಡಿಯ ಹತ್ತು ರೂಪಾಯಿಗೆ ಹೋಲಿಸಿದರೆ ನೂರಾರು ರೂಪಾಯಿ ಇರುತ್ತೆ. ತಿಂಗಳ ಕಂತು ಸತತ ಮೂರು ಸಲ ತಪ್ಪಿದರೆ ಎಸ್‌ಐಪಿ ರದ್ದಾಗುತ್ತೆ. ಕೈ ಬಿಗಿಯಾದ ತಿಂಗಳು ಮೊದಲೇ ಗೊತ್ತಿದ್ದರೆ ಮುಂಚಿತವಾಗಿ ನಿಲ್ಲಿಸಿಡುವ ಅವಕಾಶ ಇದೆ, ಅದನ್ನು ಬಳಸಿ.

ಇದರ ನಿಜವಾದ ಪರೀಕ್ಷೆ ಬಂದದ್ದು 2025ರ ಫೆಬ್ರವರಿಯಲ್ಲಿ. ಹಿಂದಿನ ಸೆಪ್ಟೆಂಬರ್‌ನಲ್ಲಿ 26,000 ದಾಟಿದ್ದ ನಿಫ್ಟಿ, ಅಂದರೆ ಆ ಐವತ್ತು ಕಂಪನಿಗಳ ಷೇರು ಬೆಲೆಯ ಸೂಚ್ಯಂಕ, ತಿಂಗಳ ಕೊನೆಗೆ 22,100ರ ಹತ್ತಿರ ಬಂದಿತ್ತು. ನಾನು ಹಾಕಿದ್ದು 14,000, ಫೋನು ತೋರಿಸುತ್ತಿದ್ದದ್ದು 13,200ರ ಆಸುಪಾಸು. ಸಂಘದ ಸಭೆಯಲ್ಲಿ ಎಲ್ಲರಿಗೂ ತೋರಿಸಿದೆ. ಹಿರಿಯಕ್ಕ ಒಬ್ಬರು, “ಅಲ್ಲ ಕಣವ್ವ, ಪೋಸ್ಟಾಫೀಸ್ನಲ್ಲಿ ಹಾಕಿದ್ದು ಹಾಕ್ದಂಗೆ ಐತೆ. ಇಲ್ಲಿ ಎಂಟ್ನೂರು ಎಲ್ಲೋಯ್ತು?” ಅಂದರು.

ಸರಿಯಾದ ಪ್ರಶ್ನೆ. ಅವರಿಗೆ ಯೂನಿಟ್ ಲೆಕ್ಕ ತೋರಿಸಿದೆ. ಯೂನಿಟ್ ಅಂದರೆ ಫಂಡಿನಲ್ಲಿ ನಾವು ಕೊಳ್ಳುವ ಒಂದು ಪಾಲು. ಒಂದು ಯೂನಿಟ್‌ಗೆ 200 ರೂಪಾಯಿ ಇದ್ದಾಗ ಸಾವಿರಕ್ಕೆ ಐದು ಬರುತ್ತೆ, ಬೆಲೆ 160ಕ್ಕೆ ಇಳಿದಾಗ ಆರೂಕಾಲು ಬರುತ್ತೆ. ಇಳಿದಿರುವುದು ಬೆಲೆ, ನಮ್ಮ ಯೂನಿಟ್ ಒಂದೂ ಕಮ್ಮಿ ಆಗಿಲ್ಲ. ಮಾರದೆ ಕಾದರೆ ಕಮ್ಮಿ ಬೆಲೆಗೆ ಕೊಂಡ ಯೂನಿಟ್‌ಗಳೇ ಮುಂದೆ ಕೈ ಹಿಡಿಯುತ್ತವೆ. ಆದರೆ ಅದೇ ತಿಂಗಳು ಮಗಳ ಫೀಸು ಕಟ್ಟಬೇಕಿದ್ದರೆ? ಆಗ ಆ ಎಂಟುನೂರು ನಿಜವಾಗಿಯೂ ಹೋದಂತೆಯೇ. ಏರುತ್ತೆ ಅನ್ನುವ ಗ್ಯಾರಂಟಿಯನ್ನು ಯಾರೂ ಕೊಡಲಾರರು. 2020ರ ಮಾರ್ಚ್‌ನಲ್ಲಿ ಇದೇ ನಿಫ್ಟಿ ಜನವರಿಯ ಮಟ್ಟದಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಅದಕ್ಕೇ ಕನಿಷ್ಠ ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡು ಮಾತ್ರ ಇಲ್ಲಿಗೆ ಅಂತ ನನ್ನ ತೀರ್ಮಾನ.

ಇನ್ನೊಂದು ವ್ಯತ್ಯಾಸ ಮನೆಯೊಳಗಿನದು. ಆರ್‌ಡಿ ಪಾಸ್‌ಬುಕ್ ನಮ್ಮ ಟ್ರಂಕಿನಲ್ಲಿ ಇರುತ್ತೆ. ಎಸ್‌ಐಪಿ ಫೋನಿನಲ್ಲಿ, ಆ ಫೋನು ಎಷ್ಟೋ ಮನೆಯಲ್ಲಿ ಮಗನ ಕೈಯಲ್ಲಿ. ಮಾರಿದರೆ ಎರಡು ಮೂರು ಕೆಲಸದ ದಿನದಲ್ಲಿ ದುಡ್ಡು ಖಾತೆಗೆ ಬಂದುಬಿಡುತ್ತೆ. ಹಾಗಾಗಿ ಪಿನ್ ನಂಬರ್ ಮತ್ತು ಓಟಿಪಿ ಬರುವ ಸಿಮ್ ನಿಮ್ಮದೇ ಆಗಿರಬೇಕು. ಸ್ಟೇಟ್‌ಮೆಂಟ್‌ನಲ್ಲಿ ಫಂಡ್ ಹೆಸರಿನ ಮುಂದೆ ‘ಡೈರೆಕ್ಟ್’ ಅಂತ ಇದೆಯೋ ‘ರೆಗ್ಯುಲರ್’ ಅಂತ ಇದೆಯೋ ನೋಡಿ. ರೆಗ್ಯುಲರ್ ಆದರೆ ಮಾಡಿಸಿಕೊಟ್ಟವರಿಗೆ ಪ್ರತಿ ವರ್ಷ ನಿಮ್ಮ ದುಡ್ಡಿನಿಂದಲೇ ಕಮಿಷನ್ ಹೋಗುತ್ತೆ. ಕೂತು ತಿಳಿಸಿ ಹೇಳುವವರು ಇದ್ದರೆ ಅದು ತಪ್ಪೇನಲ್ಲ. ಫಾರಂ ತುಂಬಿ ಮಾಯವಾಗುವವರಿಗೆ ಯಾಕೆ ಕೊಡಬೇಕು?

ಈಗ ಸಾಲ ತೀರಿಸಿದವರು ಬಂದು ಕೇಳಿದರೆ ನಾನು ಹೇಳೋದು ಹೀಗೆ. ಸಂಘದಲ್ಲಿ ಇನ್ನೊಂದು ಒಳಸಾಲ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ, ಶೇ 24 ಉಳಿಸುವಷ್ಟು ಲಾಭ ಇನ್ನೆಲ್ಲೂ ಗ್ಯಾರಂಟಿಯಾಗಿ ಸಿಗಲ್ಲ. ಆಮೇಲೆ ಮೊದಲ ಒಂದು ವರ್ಷ ಪೂರ್ತಿ ಕಂತು ಪೋಸ್ಟಾಫೀಸಿಗೆ. ಹನ್ನೆರಡು ಕಂತು ಆಗಿ, ಬೇಕಾದಾಗ ಅದರ ಮೇಲೆ ಸಾಲ ಸಿಗುವ ಹಂತಕ್ಕೆ ಬಂದ ಮೇಲೆ, ಹೊಸದಾಗಿ ಉಳಿಯುವ ಐನೂರೋ ಸಾವಿರವೋ ಹಾಕಿ ಎಸ್‌ಐಪಿ ಶುರು ಮಾಡಿ. ಎರಡಕ್ಕೂ ನಾಮಿನಿ ಹೆಸರು ಅವತ್ತೇ ಬರೆಸಿ.