ಸ್ಕಾಲರ್‌ಶಿಪ್ ಸ್ಕ್ರೀನ್‌ಶಾಟ್ ತೋರಿಸಿ ದುಡ್ಡು ಕೀಳ್ತಾರೆ, ಹುಷಾರು

ಡೊಂಬಿವ್ಲಿ, ಕಲ್ಯಾಣ್, ಠಾಣೆ ಕಡೆ ಇರೋ ಕನ್ನಡದವರು ಇದನ್ನ ಪೂರ್ತಿ ಓದಿ. ಮಕ್ಕಳ ಸ್ಕಾಲರ್‌ಶಿಪ್ ಫಾರ್ಮ್ ತುಂಬೋಕೆ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗ್ತೀರಲ್ಲ, ಅಲ್ಲಿ ನಮಗೆ ಆದದ್ದು ಹೇಳ್ತೀನಿ. ಅಂಗಡಿಯವನೂ ನಮ್ಮ ವಿಜಯಪುರ ಕಡೆಯವನೇ. ನಮ್ಮೋನು ಅಂತಲೇ ಹೋಗಿದ್ದು. ಹೊಟ್ಟೆ ಉರಿಯೋದೇ ಅದಕ್ಕೆ.

ಮಗಳು 12ನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದು ಡಿಗ್ರಿ ಮೊದಲ ವರ್ಷಕ್ಕೆ ಸೇರಿದಳು. ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೇಂದ್ರದ ಸ್ಕಾಲರ್‌ಶಿಪ್ ಇದೆ, ಡಿಗ್ರಿಗೆ ವರ್ಷಕ್ಕೆ 12,000. ಫಾರ್ಮ್ ಇವನೇ ತುಂಬಿದ, ಮೊಬೈಲ್ ನಂಬರ್ ಜಾಗದಲ್ಲಿ ತನ್ನದೇ ಹಾಕಿಕೊಂಡ. "ಓಟಿಪಿ ಬರತಾವ್ರಿ, ನಿಮಗ್ಯಾಕ ತ್ರಾಸ" ಅಂದ. ಹೀಗಾಗಿ ಪೋರ್ಟಲ್‌ನಿಂದ ಬರೋ ಮೆಸೇಜೆಲ್ಲ ಅವನಿಗೇ. ನಮಗೆ ಒಂದೂ ಇಲ್ಲ.

ದೀಪಾವಳಿ ಆದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಮೇಲೆ ಅರ್ಜಿ ಸಲ್ಲಿಕೆಯಾಗಿದೆ ಅಂತ ಹಸಿರು ಗುರುತು. ಕೆಳಗೆ ಕಾಲೇಜಿನ ಪರಿಶೀಲನೆ ಅನ್ನೋ ಹಂತದ ಮುಂದೆ `Defective`. ಅದರ ಕೆಳಗೆ ರಿಮಾರ್ಕ್, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಚಾಲ್ತಿಯಲ್ಲಿರೋದು ಹಾಕಿ ಅಂತ. ಜೊತೆಗೆ ಒಂದು ಮಾತು: "ಅಕ್ಕಾರ, ರಿಜೆಕ್ಟ್ ಆಗೇದ. ಒಳಗ ಮಾತಾಡಿ ಓಪನ್ ಮಾಡಿಸಬೇಕು. ಎರಡೂವರೆ ಸಾವಿರ ಆಕ್ಕೈತಿ."

ರಿಜೆಕ್ಟ್ ಅಂತೆ! `Defective` ಬೇರೆ, `Rejected` ಬೇರೆ. ಮೊದಲನೆಯದು ಅಂದ್ರೆ ಅರ್ಜಿ ವಾಪಸ್ ನಿಮ್ಮ ಲಾಗಿನ್‌ಗೆ ಬಂದಿದೆ, ರಿಮಾರ್ಕ್‌ನಲ್ಲಿ ಹೇಳಿದ ಕಾಗದ ಬದಲಿಸಿ ಮತ್ತೆ ಸಬ್ಮಿಟ್ ಮಾಡಬಹುದು. ಯಾರ ಹತ್ತಿರವೂ ಮಾತಾಡಬೇಕಿಲ್ಲ, ಒಂದು ರೂಪಾಯಿ ಫೀಸಿಲ್ಲ. ಎರಡನೆಯದು ಬಂದರೆ ಮಾತ್ರ ಕಥೆ ಮುಗೀತು. ಇದು ಅವನಿಗೆ ಗೊತ್ತಿಲ್ವಾ? ದಿನಾ ಅದೇ ಕೆಲಸ ಮಾಡೋನಿಗೆ?

ದುಡ್ಡು ಕೊಟ್ವಿ. ಸೇತು ಕೇಂದ್ರದಲ್ಲಿ ತೆಗೆಸಿದ್ದ ತಹಶೀಲ್ದಾರರ ಹೊಸ ಪ್ರಮಾಣಪತ್ರವನ್ನೂ ಕೈಯಲ್ಲೇ ಕೊಟ್ವಿ. ಆಮೇಲೆ ಕೇಳಿದಾಗೆಲ್ಲ "ಸರ್ವರ್ ಡೌನ್ ಅದ ಅಕ್ಕಾರ". ಕೊನೆಗೆ 15ನೇ ತಾರೀಖು ರಾತ್ರಿ ಹನ್ನೊಂದೂವರೆಗೆ ಇನ್ನೊಂದು ಸ್ಕ್ರೀನ್‌ಶಾಟ್: ಮರುಸಲ್ಲಿಕೆ ಯಶಸ್ವಿ, ಕಾಲೇಜಿನಲ್ಲಿ ಬಾಕಿ. ಕೆಳಗೆ ಹೆಬ್ಬೆರಳು ಎತ್ತಿದ ಚಿತ್ರ ಬೇರೆ.

15ನೇ ತಾರೀಖೇ ಕೊನೇ ದಿನ. ಇಲ್ಲಿ ಸರಿಯಾಗಿ ನೋಡಿ. ಪೋರ್ಟಲ್‌ನಲ್ಲಿ ಸ್ಕೀಮಿನ ಹೆಸರಿನ ಎದುರು ಬೇರೆ ಬೇರೆ ತಾರೀಖು ಇರ್ತಾವೆ. ಹೊಸ ಅರ್ಜಿಗೆ ಒಂದು, `Defective Application Verification` ಅಂತ ಒಂದು, `Institute Verification` ಅಂತ ಒಂದು. ನಮ್ಮದರಲ್ಲಿ ಕೊನೆಯ ಎರಡೂ ಒಂದೇ ದಿನ. ಅಂದ್ರೆ ನಾವು ತಿದ್ದಿ ಕಳಿಸಿದ್ದನ್ನ ಕಾಲೇಜಿನವರು ಅದೇ ದಿನದೊಳಗೆ ನೋಡಿ ಪಾಸ್ ಮಾಡಬೇಕು. ರಾತ್ರಿ ಹನ್ನೊಂದೂವರೆಗೆ ಯಾವ ಕಾಲೇಜಿನ ಆಫೀಸು ತೆರೆದಿರತ್ತೆ? ತಿದ್ದುಪಡಿ ಮಾಡೋದಿದ್ರೆ ಆ ತಾರೀಖಿಗೆ ನಾಲ್ಕೈದು ದಿನ ಮೊದಲೇ ಮಾಡಿ, ಕಾಲೇಜಿನ ನೋಡಲ್ ಅಧಿಕಾರಿಗೆ ಹೋಗಿ ಹೇಳಿ ಬರಬೇಕು.

ಇಷ್ಟಕ್ಕೇ ಮುಗಿದಿದ್ರೆ ತಡ ಮಾಡಿದ ಅಂತ ಬೈದು ಸುಮ್ಮನಾಗ್ತಿದ್ದೆ. ಅವನ ಅಂಗಡಿಯಲ್ಲೇ ಕೂತು, ಅವನ ಫೋನಿಗೆ ಬಂದ ಓಟಿಪಿ ಇಸ್ಕೊಂಡು ಮಗಳು ಲಾಗಿನ್ ಮಾಡಿ ಅಪ್‌ಲೋಡ್ ಆದ ಫೈಲ್ ತೆರೆದಳು. ಹಳೇ ಪ್ರಮಾಣಪತ್ರ! ಅದೇ ಸೊಟ್ಟ ಸ್ಕ್ಯಾನು, ಮೂಲೆಯಲ್ಲಿ ಅವನ ಹೆಬ್ಬೆರಳಿನ ತುದಿ, ಕೆಳಗೆ ಮರಾಠಿಯಲ್ಲಿ 31 ಮಾರ್ಚ್‌ವರೆಗೆ ಮಾತ್ರ ಮಾನ್ಯ ಅನ್ನೋ ಸಾಲು, ಹೋದ ವರ್ಷದ್ದು. ನಾವು ಕೊಟ್ಟ ಹೊಸ ಕಾಗದ ಅವನ ಟ್ರೇನಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಕಂಪ್ಯೂಟರ್‌ನಲ್ಲಿದ್ದ ಹಳೇ ಪಿಡಿಎಫ್ಫನ್ನೇ ಮತ್ತೆ ಒತ್ತಿ, ಸ್ಕ್ರೀನ್‌ಶಾಟ್ ತೆಗೆದು, ಎರಡೂವರೆ ಸಾವಿರ ಜೇಬಿಗೆ ಹಾಕಿದ್ದಾನೆ. ಮಗಳ ಮುಖ ನೋಡೋಕಾಗಲಿಲ್ಲ ನನಗೆ.

ಕೇಳಿದ್ದಕ್ಕೆ, "ನಮ್ಮ ಕಡಿಂದ ಸಬ್ಮಿಟ್ ಆಗೇದಲ್ರಿ, ಕಾಲೇಜಿನವರು ನೋಡಿಲ್ಲ." ಫೈಲ್ ತೋರಿಸಿದ್ರೆ, "ಹುಡುಗ ಹಾಕ್ಯಾನ." ದುಡ್ಡು ವಾಪಸ್ ಕೊಡು ಅಂದ್ರೆ, "ಅದು ಮ್ಯಾಲ ಹೋಗೇದ." ಯಾವ ಮೇಲೆ ಅಂತ ಕೇಳಿದೆ, ಉತ್ತರವೇ ಇಲ್ಲ.

ಮರುಸಲ್ಲಿಕೆ ಯಶಸ್ವಿ ಅನ್ನೋ ಸ್ಕ್ರೀನ್‌ಶಾಟ್ ನಂಬಬೇಡಿ, ಒಳಗೆ ಯಾವ ಫೈಲಿದೆ ಅಂತ ಅದರಲ್ಲಿ ಕಾಣಲ್ಲ. ಫೈಲ್ ತೆರೆಸಿ ನೋಡಿ. ನಂಬರ್ ಮಕ್ಕಳದ್ದೇ ಕೊಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. "ನಮ್ಮ ಊರೋನು" ಅಂತ ಮಾತ್ರ ಹೋಗಬೇಡಿ.

ನಿನ್ನೆ ಅವನ ಮೆಸೇಜ್ ಬಂತು, "ಮುಂದಿನ ವರ್ಷ ಫ್ರೀ ಮಾಡಿ ಕೊಡತೀನ್ರಿ." ಈ ಸ್ಕಾಲರ್‌ಶಿಪ್‌ಗೆ ಹೊಸ ಅರ್ಜಿ ಹಾಕೋಕಾಗೋದು ಡಿಗ್ರಿ ಮೊದಲ ವರ್ಷದಲ್ಲಿ ಮಾತ್ರ. ಮುಂದಿನ ವರ್ಷ ಇರೋದು ರಿನ್ಯೂವಲ್, ಅದೂ ಈ ವರ್ಷ ಸಿಕ್ಕವರಿಗೆ. ಅದೂ ಅವನಿಗೆ ಗೊತ್ತು.